ಮಗುವಿನ ಎದೆಯಲ್ಲಿ ಕಂಡ ಬಿಳಿ ನೆರಳು

ಜುಲೈ ತಿಂಗಳ ಒಂದು ಮಧ್ಯಾಹ್ನ, ಹೊರಗೆ ಬಿಡದ ಮಳೆ. ಐದು ತಿಂಗಳ ಗಂಡುಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡ ತಾಯಿ, ಅವಳ ಹಿಂದೆ ಅಜ್ಜಿ. ಅಜ್ಜಿಯ ಚೀಲದಲ್ಲಿ ಬೇರೆ ಕಡೆ ತೆಗೆಸಿದ್ದ ಎಕ್ಸರೇ ಇತ್ತು. "ಎದೇಲಿ ಗಡ್ಡೆ ಇದ್ದಂಗೈತೆ, ದೊಡ್ಡ ಸ್ಕ್ಯಾನಿಂಗ್ ಮಾಡಿಸ್ರಿ ಅಂದ್ರು ಸಾರ್" ಎನ್ನುವಾಗ ಅಜ್ಜಿಯ ದನಿ ನಡುಗುತ್ತಿತ್ತು. ಮೂರು ದಿನದ ಹಿಂದೆ ನೆಗಡಿಯಿಂದ ಶುರುವಾದದ್ದು ಕೆಮ್ಮಾಗಿ, ಈಗ ಮಗು ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಎಣಿಸಿದರೆ ನಿಮಿಷಕ್ಕೆ 62 ಉಸಿರು. ಈ ವಯಸ್ಸಿನಲ್ಲಿ 50 ಮುಟ್ಟಿದರೇ ಅದು ಹೆಚ್ಚು.

ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದೆ. ಎಕ್ಸರೇಯಲ್ಲಿ ಮಗು ನಮ್ಮೆದುರು ನಿಂತಂತೆ ಕಾಣುತ್ತದೆ. ಅದರ ಬಲಗಡೆ ನಮ್ಮ ಎಡಕ್ಕೆ ಬರುತ್ತದೆ. ಗಾಳಿ ತುಂಬಿದ ಶ್ವಾಸಕೋಶ ಕಪ್ಪು, ಮೂಳೆ ಮತ್ತು ಹೃದಯ ಬಿಳಿ. ಈ ಮಗುವಿನ ಹೃದಯದ ಮೇಲ್ತುದಿಯಿಂದ ಬಲಕ್ಕೆ ಒಂದು ಬಿಳಿ ತ್ರಿಕೋನ ಚಾಚಿಕೊಂಡಿತ್ತು. ಅದರ ತಳ ನೇರ, ತುದಿ ಚೂಪು. ಹಾಯಿ ಬಿಚ್ಚಿದ ದೋಣಿಯ ಆಕಾರ. ಗಡ್ಡೆ ಎಂದು ಹೆದರಿಸಿದ್ದು ಇದೇ.

ನೆರಳಿಗೆ ಹೆಸರಿಡುವ ಮೊದಲು ಫಿಲ್ಮು ಹೇಗೆ ಬಂದಿದೆ ಎಂದು ನೋಡಬೇಕು. ಐದು ತಿಂಗಳ ಕೂಸಿಗೆ "ಉಸಿರೆಳೆದು ಹಿಡಿ" ಎಂದು ಹೇಳಲಾಗದು. ಅದನ್ನು ಅಂಗಾತ ಮಲಗಿಸಿ, ಒಬ್ಬರು ಕೈ, ಇನ್ನೊಬ್ಬರು ಕಾಲು ಹಿಡಿದಿರುತ್ತಾರೆ. ಅದು ಅಳುತ್ತಿರುತ್ತದೆ, ತಿರುಚುತ್ತಿರುತ್ತದೆ. ಉಸಿರು ಬಿಟ್ಟ ಗಳಿಗೆಯಲ್ಲಿ ಚಿತ್ರ ಬಿದ್ದರೆ ಹೃದಯವೂ ಅದರ ಮೇಲಿನ ಭಾಗವೂ ಹಿಗ್ಗಿದಂತೆ ತೋರುತ್ತವೆ, ಶ್ವಾಸನಾಳ ಬಲಕ್ಕೆ ಬಾಗಿ ನಿಲ್ಲುತ್ತದೆ. ಇವೆರಡೂ ರೋಗವಲ್ಲ. ಮಗು ಓರೆಯಾಗಿದ್ದರೂ ಹೀಗೇ ಮೋಸವಾಗುತ್ತದೆ. ನಮ್ಮ ಫಿಲ್ಮಿನಲ್ಲಿ ಎಡ ಕೊರಳೆಲುಬಿನ ಒಳತುದಿ ಬೆನ್ನುಮೂಳೆಗೆ ಹತ್ತಿರವಿತ್ತು, ಬಲದ್ದು ದೂರ. ಅಂದರೆ ಮಗು ಸ್ವಲ್ಪ ಬಲಕ್ಕೆ ಹೊರಳಿತ್ತು. ಆಗ ಎದೆಯ ಮುಂಭಾಗದಲ್ಲಿರುವುದೆಲ್ಲ ಚಿತ್ರದಲ್ಲಿ ಬಲಕ್ಕೆ ಜಾರುತ್ತದೆ. ತ್ರಿಕೋನ ಅಷ್ಟು ಎದ್ದು ಕಾಣಲು ಇದೂ ಒಂದು ಕಾರಣ.

ಆ ತ್ರಿಕೋನದ ಹೆಸರು ಥೈಮಸ್. ಎದೆಮೂಳೆಯ ಹಿಂದೆ, ಹೃದಯ ಮತ್ತು ದೊಡ್ಡ ರಕ್ತನಾಳಗಳ ಮುಂದೆ ಕೂತಿರುವ ಮೆತ್ತನೆಯ ಗ್ರಂಥಿ. ರೋಗದೊಡನೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳಾದ ಟಿ ಕಣಗಳು ಪಳಗುವುದು ಇಲ್ಲಿ. ದೇಹದ ಗಾತ್ರಕ್ಕೆ ಹೋಲಿಸಿದರೆ ಇದು ತೀರಾ ದೊಡ್ಡದಾಗಿರುವುದು ಹಸುಗೂಸಿನಲ್ಲಿ. ಎರಡು ಮೂರು ವರ್ಷದವರೆಗೆ ಎಕ್ಸರೇಯಲ್ಲಿ ಸಾಮಾನ್ಯವಾಗಿ ಕಾಣಿಸುತ್ತದೆ, ಆಮೇಲೆ ಎದೆ ಬೆಳೆದಂತೆ ಮರೆಯಾಗುತ್ತದೆ.

ಅದು ಥೈಮಸ್ಸೇ ಎಂದು ತಿಳಿಯುವ ಗುಟ್ಟು ಅದರ ಮೆತ್ತಗಿನ ಗುಣದಲ್ಲಿದೆ. ಗಡ್ಡೆ ಗಟ್ಟಿ, ಅಕ್ಕಪಕ್ಕದವರನ್ನು ನೂಕುತ್ತದೆ. ಥೈಮಸ್ ಸಿಕ್ಕ ಜಾಗಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಹಾಗಾಗಿ ಮೊದಲು ಅಂಚು ನೋಡುತ್ತೇನೆ. ಮುಂದಿನ ಪಕ್ಕೆಲುಬುಗಳು ಒತ್ತಿದಲ್ಲೆಲ್ಲ ಅದು ತಗ್ಗಿ, ನಡುವಿನಲ್ಲಿ ಉಬ್ಬಿ, ಅಂಚು ಅಲೆಅಲೆಯಾಗಿರುತ್ತದೆ. ಈ ಮಗುವಿನ ಎಡ ಅಂಚಿನಲ್ಲಿ ಎರಡು ಅಲೆ ಸ್ಪಷ್ಟವಾಗಿದ್ದವು. ಆಮೇಲೆ ನೆರಳಿನ ಒಳಗೆ ನೋಡುತ್ತೇನೆ. ತೆಳು ಪರದೆಯ ಆಚೆ ಕಿಟಕಿಯ ಸರಳು ಕಾಣುವಂತೆ, ಥೈಮಸ್ಸಿನ ಮೂಲಕ ಶ್ವಾಸಕೋಶದ ರಕ್ತನಾಳಗಳು ಕಾಣುತ್ತವೆ. ಕೊನೆಗೆ ಶ್ವಾಸನಾಳ. ಅದು ಕಿರಿದಾಗಿರಬಾರದು, ಪಕ್ಕಕ್ಕೆ ತಳ್ಳಿಸಿಕೊಂಡಿರಬಾರದು. ಇಲ್ಲಿ ಅದು ತನ್ನ ಜಾಗದಲ್ಲೇ ಅಗಲವಾಗಿ ಇಳಿದಿತ್ತು.

ಇಷ್ಟಾದರೂ ಅನುಮಾನ ಉಳಿದರೆ ಸಿಟಿ ಸ್ಕ್ಯಾನಿಗೆ ಓಡಬೇಕಿಲ್ಲ. ಎದೆಮೂಳೆಯ ಪಕ್ಕ, ಪಕ್ಕೆಲುಬಿನ ಸಂದಿನಲ್ಲಿ ಅಲ್ಟ್ರಾಸೌಂಡ್ ಇಟ್ಟರೆ ಸಾಕು. ವಿಕಿರಣವಿಲ್ಲ, ಮಗುವನ್ನು ಮಲಗಿಸಲು ಔಷಧ ಬೇಕಿಲ್ಲ. ನಾನೂ ಇಟ್ಟು ನೋಡಿದೆ. ಪಿತ್ತಜನಕಾಂಗದಂಥ ಬೂದು ಹಿನ್ನೆಲೆ, ಅದರಲ್ಲಿ ರವೆ ಚೆಲ್ಲಿದಂತೆ ಬೆಳ್ಳನೆಯ ಚುಕ್ಕಿಗಳು. ಹೃದಯ ಬಡಿದಾಗಲೆಲ್ಲ ಇಡೀ ಗ್ರಂಥಿ ಮೆಲ್ಲಗೆ ಅಮುಕಿ ಮತ್ತೆ ಹಿಗ್ಗುತ್ತಿತ್ತು. ಗಟ್ಟಿ ಗಡ್ಡೆ ಹಾಗೆ ಮಿದುವಾಗಿ ಕುಣಿಯುವುದಿಲ್ಲ.

ಈ ಗ್ರಂಥಿಯನ್ನು ತಪ್ಪು ತಿಳಿದದ್ದು ಇದೇ ಮೊದಲಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಯುರೋಪು, ಅಮೆರಿಕಗಳ ವೈದ್ಯರು, ಕೂಸುಗಳು ಇದ್ದಕ್ಕಿದ್ದಂತೆ ಸಾಯುವುದಕ್ಕೆ 'ದೊಡ್ಡ ಥೈಮಸ್' ಉಸಿರುಗಟ್ಟಿಸುವುದೇ ಕಾರಣ ಎಂದು ನಂಬಿದ್ದರು. ಅವರ ಲೆಕ್ಕ ತಪ್ಪಿದ್ದು ಒಂದು ವಿಚಿತ್ರ ಕಾರಣಕ್ಕೆ. ಅಂಗಗಳ ಗಾತ್ರ ಕಲಿತದ್ದು ಬಹುಪಾಲು ಬಡವರ ಹೆಣಗಳನ್ನು ಕೊಯ್ದು. ದೀರ್ಘ ಕಾಯಿಲೆ, ಹಸಿವು, ಜ್ವರದಲ್ಲಿ ಥೈಮಸ್ ಬೇಗ ಕುಗ್ಗುತ್ತದೆ. ಆ ಕುಗ್ಗಿದ ಗ್ರಂಥಿಯನ್ನೇ ಸಹಜವೆಂದುಕೊಂಡವರಿಗೆ, ಚೆನ್ನಾಗಿದ್ದು ಹಠಾತ್ತನೆ ಸತ್ತ ಕೂಸಿನ ಗ್ರಂಥಿ ರಾಕ್ಷಸನಂತೆ ಕಂಡಿತು. 1907ರಲ್ಲಿ ಅಮೆರಿಕದಲ್ಲಿ ಆಲ್ಫ್ರೆಡ್ ಫ್ರೀಡ್ಲ್ಯಾಂಡರ್ ಅದನ್ನು ವಿಕಿರಣದಿಂದ ಕುಗ್ಗಿಸಿದರು; ಮುಂದೆ ಸಾವಿರಾರು ಆರೋಗ್ಯವಂತ ಕೂಸುಗಳಿಗೆ ಅದೇ ಚಿಕಿತ್ಸೆಯಾಯಿತು. 1931ರಲ್ಲಿ ಬ್ರಿಟನ್ನಿನ ಸಮಿತಿಯೊಂದು ಅಂಥ ರೋಗವಿದೆ ಎನ್ನಲು ಆಧಾರವಿಲ್ಲ ಎಂದಿತು. ಆದರೂ ಚಿಕಿತ್ಸೆ ತಕ್ಷಣ ನಿಲ್ಲಲಿಲ್ಲ. 1950ರಲ್ಲಿ ಡಫಿ ಮತ್ತು ಫಿಟ್ಜ್‌ಜೆರಾಲ್ಡ್ ಎಂಬ ವೈದ್ಯರು, ಥೈರಾಯ್ಡ್ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಹಲವರಿಗೆ ಎಳವೆಯಲ್ಲಿ ಥೈಮಸ್ಸಿಗೆ ವಿಕಿರಣ ಕೊಟ್ಟಿದ್ದನ್ನು ಗುರುತಿಸಿದರು.

ಹಾಗೆಂದು ಎಲ್ಲ ನೆರಳೂ ಥೈಮಸ್ ಅಲ್ಲ. ಶ್ವಾಸನಾಳ ಒತ್ತಿಸಿಕೊಂಡಿದ್ದರೆ, ನೆರಳಿನೊಳಗೆ ಸುಣ್ಣದ ಚುಕ್ಕಿಗಳಿದ್ದರೆ, ಅಂಚು ಗಂಟುಗಂಟಾಗಿ ಗಟ್ಟಿಯಾಗಿದ್ದರೆ ಗಡ್ಡೆಯನ್ನೇ ಹುಡುಕಬೇಕು. ನೆರಳು ಎದೆಯ ಹಿಂಭಾಗದಲ್ಲಿದ್ದು ಪಕ್ಕೆಲುಬುಗಳ ನಡುವಿನ ಸಂದು ಹಿಗ್ಗಿದ್ದರೆ ಅದು ನರದ ಅಂಗಾಂಶದಿಂದ ಹುಟ್ಟಿದ ಗಡ್ಡೆಯಿರಬಹುದು. ಥೈಮಸ್ ಇರುವುದು ಮುಂದೆ. ವಯಸ್ಸೂ ಮಾತಾಡುತ್ತದೆ. ಐದು ತಿಂಗಳ ಕೂಸಿನಲ್ಲಿ ಕಂಡರೆ ಸಮಾಧಾನ ಕೊಡುವ ಅಗಲ, ಹನ್ನೆರಡು ವರ್ಷದ ಹುಡುಗನಲ್ಲಿ ಕಂಡರೆ ನಿದ್ದೆ ಕೆಡಿಸುತ್ತದೆ. ಆ ವಯಸ್ಸಿನಲ್ಲಿ ಹೊಸದಾಗಿ ಉಬ್ಬಸ ಬಂದು, ಮಲಗಿದರೆ ಉಸಿರು ಕಟ್ಟಿ, ಬೆಳಿಗ್ಗೆ ಮುಖ ಊದಿಕೊಳ್ಳುತ್ತಿದ್ದರೆ ಲಿಂಫೋಮಾ ಎಂಬ ಕ್ಯಾನ್ಸರ್ ಇರಬಹುದು. ಅಂಥ ಮಗುವಿಗೆ ಅಸ್ತಮಾ ಎಂದುಕೊಂಡು ಸ್ಟಿರಾಯ್ಡ್ ಕೊಟ್ಟರೆ ಗಡ್ಡೆ ತಾತ್ಕಾಲಿಕವಾಗಿ ಕರಗಿ ರೋಗನಿರ್ಣಯವೇ ಕಷ್ಟವಾಗುತ್ತದೆ. ಸ್ಕ್ಯಾನಿಗೆಂದು ಮತ್ತು ಬರಿಸಿ ಅಂಗಾತ ಮಲಗಿಸಿದರೆ ಉಸಿರೇ ನಿಲ್ಲಬಹುದು.

ಹಾಗಾದರೆ ನಮ್ಮ ಮಗುವಿಗೆ ಏದುಸಿರು ಯಾಕೆ? ಉತ್ತರ ಅದೇ ಫಿಲ್ಮಿನ ಕಪ್ಪು ಭಾಗದಲ್ಲಿತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ಬರುವ ಬ್ರಾಂಕಿಯೋಲೈಟಿಸ್‌ನಲ್ಲಿ ವೈರಸ್, ಹೆಚ್ಚಾಗಿ ಆರ್‌ಎಸ್‌ವಿ, ಶ್ವಾಸಕೋಶದ ಅತಿ ಸಣ್ಣ ಕೊಳವೆಗಳಿಗೆ ತಗಲುತ್ತದೆ. ಒಳಗೋಡೆ ಊದಿ, ಉದುರಿದ ಕಣಗಳೂ ಲೋಳೆಯೂ ದಾರಿ ಕಟ್ಟುತ್ತವೆ. ಉಸಿರೆಳೆದಾಗ ಕೊಳವೆ ತುಸು ಅರಳುವುದರಿಂದ ಗಾಳಿ ಒಳಗೆ ಹೋಗುತ್ತದೆ. ಬಿಡುವಾಗ ಕೊಳವೆ ಕಿರಿದಾಗಿ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಉಸಿರು ಬಿಟ್ಟರೂ ಎದೆ ಖಾಲಿಯಾಗದು.

ಹಾಗೆ ಸಿಕ್ಕಿಕೊಂಡ ಗಾಳಿ ಎಕ್ಸರೇಯಲ್ಲಿ ಕಾಣುತ್ತದೆ. ಎದೆ ಹೊಟ್ಟೆಗಳನ್ನು ಬೇರ್ಪಡಿಸುವ ವಪೆ ಗುಮ್ಮಟದಂತಿರುವ ಬದಲು ತಟ್ಟೆಯಂತೆ ಚಪ್ಪಟೆಯಾಗಿರುತ್ತದೆ. ಅದರ ಮೇಲೆ ಮುಂದಿನ ಪಕ್ಕೆಲುಬುಗಳನ್ನು ಎಣಿಸಿದರೆ ಸಾಮಾನ್ಯವಾಗಿ ಆರರವರೆಗೆ ಸಿಗುತ್ತವೆ. ಈ ಮಗುವಿನಲ್ಲಿ ಏಳು ದಾಟಿದ್ದವು. ಹೃದಯದ ಪಕ್ಕದಲ್ಲಿ ಊದಿದ ಕೊಳವೆಗಳು, ಅಡ್ಡಕ್ಕೆ ಸಿಕ್ಕಿದಲ್ಲಿ ದಪ್ಪ ಬಳೆಯಂತೆ, ಉದ್ದಕ್ಕೆ ಸಿಕ್ಕಿದಲ್ಲಿ ಜೋಡಿ ಗೆರೆಯಂತೆ ಕಾಣುತ್ತಿದ್ದವು.

ಇಲ್ಲೊಂದು ತೊಡಕಿದೆ. ಲೋಳೆ ಪೂರ್ತಿ ಕಟ್ಟಿದಲ್ಲಿ ಶ್ವಾಸಕೋಶದ ಒಂದು ಭಾಗ ಗಾಳಿ ಕಳೆದುಕೊಂಡು ಕುಸಿಯುತ್ತದೆ. ಕೂಸುಗಳಲ್ಲಿ ಅದು ಹಲವು ಸಲ ಬಲಗಡೆ ಮೇಲ್ಭಾಗದಲ್ಲೇ, ಅಂದರೆ ಥೈಮಸ್ಸಿನ ಹಾಯಿ ಇರುವ ಜಾಗದಲ್ಲೇ ಆಗುತ್ತದೆ. ಬಿಳಿ ತ್ರಿಕೋನ ಎರಡಕ್ಕೂ ಒಂದೇ. ಆದರೆ ಕುಸಿದ ಶ್ವಾಸಕೋಶ ಎಳೆಯುತ್ತದೆ. ಶ್ವಾಸನಾಳ ಅತ್ತ ವಾಲುತ್ತದೆ, ಬಲ ಶ್ವಾಸಕೋಶದ ನಡುವಿನ ಅಡ್ಡಗೆರೆ ಮೇಲಕ್ಕೆ ಬಾಗುತ್ತದೆ, ಒಳಗಿನ ರಕ್ತನಾಳಗಳು ಮುಚ್ಚಿಹೋಗುತ್ತವೆ. ಗಡ್ಡೆ ನೂಕುತ್ತದೆ, ಕುಸಿತ ಎಳೆಯುತ್ತದೆ, ಥೈಮಸ್ ಸುಮ್ಮನೆ ಕೂತಿರುತ್ತದೆ.

ನಿಜ ಹೇಳಬೇಕೆಂದರೆ ಈ ಮಗುವಿಗೆ ಎಕ್ಸರೇ ಬೇಕೇ ಇರಲಿಲ್ಲ. ಬ್ರಾಂಕಿಯೋಲೈಟಿಸನ್ನು ಕಣ್ಣು, ಕಿವಿ, ಸ್ಟೆತಸ್ಕೋಪಿನಿಂದಲೇ ಗುರುತಿಸಬಹುದು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2014ರಲ್ಲಿ, ವಾಡಿಕೆಯಂತೆ ಎಕ್ಸರೇ ತೆಗೆಯಬೇಡಿ ಎಂದಿದೆ. 2007ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ 265 ಕೂಸುಗಳ ಎಕ್ಸರೇ ನೋಡಿದರು. ಬೇರೆ ರೋಗ ಸೂಚಿಸಿದ್ದು ಎರಡೇ ಮಕ್ಕಳಲ್ಲಿ. ಆದರೆ ಚಿತ್ರ ನೋಡುವ ಮೊದಲು 7 ಮಕ್ಕಳಿಗೆ ಆಂಟಿಬಯೋಟಿಕ್ ಬೇಕು ಎಂದಿದ್ದ ವೈದ್ಯರು, ನೋಡಿದ ಮೇಲೆ 39 ಮಕ್ಕಳಿಗೆ ಬೇಕೆಂದರು. ಕುಸಿದ ಭಾಗ ನ್ಯುಮೋನಿಯಾದಂತೆ ಕಂಡರೆ ಹೀಗಾಗುತ್ತದೆ. ರೋಗ ತೀವ್ರವಾಗಿ ಐಸಿಯು ಬೇಕಾದಾಗ, ಒಂದೇ ಕಡೆ ಉಸಿರಿನ ಸದ್ದು ಕಡಿಮೆಯಾದಾಗ, ಕಡಲೆಬೀಜದಂಥದ್ದು ಉಸಿರಿಗೆ ಸಿಕ್ಕಿರುವ ಅನುಮಾನವಿದ್ದಾಗ, ಹೃದಯದ ತೊಂದರೆ ಕಂಡಾಗ ಮಾತ್ರ ಚಿತ್ರ ಉಪಯೋಗಕ್ಕೆ ಬರುತ್ತದೆ.

ಮಗುವನ್ನು ಮಕ್ಕಳ ವಾರ್ಡಿಗೆ ಸೇರಿಸಿದರು. ಉಪ್ಪುನೀರಿನ ಹನಿ ಹಾಕಿ ಮೂಗು ತೆಗೆದರು, ಸ್ವಲ್ಪ ಆಮ್ಲಜನಕ ಕೊಟ್ಟರು, ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕುಡಿಸಿದರು. ಆಂಟಿಬಯೋಟಿಕ್ ಕೊಡಲಿಲ್ಲ. ಈ ಕಾಯಿಲೆ ಮೂರರಿಂದ ಐದನೇ ದಿನಕ್ಕೆ ಏರಿ ಇಳಿಯುತ್ತದೆ. ಮೂರನೇ ದಿನಕ್ಕೆ ಬಂದ ಮಗು ಆರನೇ ದಿನ ನಗುತ್ತಿತ್ತು.

ಹೊರಡುವ ಮುನ್ನ ಅಜ್ಜಿ ಮತ್ತೆ ನನ್ನ ಕೋಣೆಗೆ ಬಂದರು. "ಆ ಬೆಳ್ಳಗಿರೋದು ಹೋಯ್ತೋ ಇಲ್ವೋ, ಇನ್ನೊಂದು ಪೋಟ ತೆಗೀರಿ ಸಾರ್" ಎಂದರು.

"ಬೇಡಜ್ಜಿ" ಎಂದೆ. "ಅದು ಈಗ್ಲೇ ಹೋಗಬಾರದು. ಮಗೂಗೆ ಮೂರು ವರ್ಷ ಆಗೋವರೆಗೂ ಅಲ್ಲೇ ಇದ್ರೆ ಒಳ್ಳೇದು."

ಅಜ್ಜಿ ಫಿಲ್ಮನ್ನು ಬೆಳಕಿಗೆ ಹಿಡಿದು, ಆ ತ್ರಿಕೋನವನ್ನು ಒಮ್ಮೆ ಬೆರಳಿನಿಂದ ಸವರಿ, ಈ ಸಲ ಮಡಚದೆ ಚೀಲಕ್ಕಿಟ್ಟರು.