ತಪ್ಪೆಲ್ಲ ರಸ್ತೆಗೇ ಬಂದು ಬಿದ್ದಾಗ

‘ನಮ್ಮ ಓಣಿಯ ರಸ್ತೆಯಲ್ಲಿ ಪೈಪು ಒಡೆದು ಮೂರು ದಿನವಾಯಿತು. ಕುಡಿಯುವ ನೀರೆಲ್ಲ ಚರಂಡಿ ಪಾಲು.’

ಇಂಥದೊಂದು ದೂರು ನಗರಸಭೆಗೆ ಬಂದರೆ ಟಪಾಲು ನೋಡುವ ಗುಮಾಸ್ತರು ಯೋಚಿಸುವುದೇ ಇಲ್ಲ, ನೀರು ಸರಬರಾಜಿನವರ ಮೇಜಿಗೆ ಕಳಿಸುತ್ತಾರೆ. ದೂರು ವಿಂಗಡಿಸುವ ಈ ಕೆಲಸವನ್ನು ಎಐ ಭಾಷಾ ಮಾದರಿಗೆ ಒಪ್ಪಿಸಿದ್ದೇವೆ, ಅದು ಈ ಪತ್ರಕ್ಕೆ ‘ರಸ್ತೆ’ ಎಂದು ಮುದ್ರೆ ಒತ್ತುತ್ತಿದೆ ಎಂದುಕೊಳ್ಳಿ. ತಪ್ಪು ಎಲ್ಲಿದೆ?

ಮಾದರಿಗೆ ನಾವು ಬರೆದುಕೊಡುವ ಸೂಚನೆಯನ್ನು ಪ್ರಾಂಪ್ಟ್ ಎನ್ನುತ್ತಾರೆ. ಅದು ಕೈಕೊಟ್ಟಾಗ ಹೆಚ್ಚಿನವರು ಇಡೀ ಸೂಚನೆಯನ್ನೇ ಮತ್ತೆ ಬರೆಯುತ್ತಾರೆ. ಎರಡು ಸಾಲು ಸೇರಿಸಿ, ಒಂದು ಉದಾಹರಣೆ ತೆಗೆದು, ‘ಎಚ್ಚರಿಕೆಯಿಂದ ನೋಡು’ ಎಂದು ಕೊನೆಗೊಂದು ಮಾತು ಅಂಟಿಸುತ್ತಾರೆ. ಉತ್ತರ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ. ವಾರ ಕಳೆದು ಮತ್ತೆ ಕೆಟ್ಟಾಗ ಎಲ್ಲಿ ಕೈಯಿಡಬೇಕೆಂದೂ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಆದದ್ದನ್ನು ಬರೆದಿಡುವುದು ಇದಕ್ಕೆ ಮದ್ದು. ಅದು ಹೇಗೆಂದು ನಮ್ಮ ನಗರಸಭೆಯ ಉದಾಹರಣೆಯಲ್ಲೇ ನೋಡೋಣ. ಇಲ್ಲಿನ ಅಂಕಿಗಳು ವಿಧಾನವನ್ನು ವಿವರಿಸಲು ಇಟ್ಟುಕೊಂಡವು.

ನಮ್ಮ ಪ್ರಾಂಪ್ಟ್‌ನಲ್ಲಿ ನಾಲ್ಕು ಭಾಗಗಳಿವೆ:

```
ನೀನು ನುರಿತ ನಗರಸಭೆ ಅಧಿಕಾರಿ.
ದೂರನ್ನು ನೀರು, ಬೀದಿದೀಪ, ಕಸ, ರಸ್ತೆ - ಇವುಗಳಲ್ಲಿ ಒಂದಕ್ಕೆ ಸೇರಿಸು.
ಉದಾಹರಣೆಗಳು: (ನೀರು) (ಬೀದಿದೀಪ) (ರಸ್ತೆ) (ರಸ್ತೆ)
ಉತ್ತರ ಒಂದೇ ಪದದಲ್ಲಿರಲಿ.
```

ಉದಾಹರಣೆಗಳ ಜಾಗದಲ್ಲಿ ನಾಲ್ಕು ಹಳೆಯ ದೂರುಗಳೂ ಅವುಗಳ ಸರಿಯುತ್ತರಗಳೂ ಇವೆ ಎಂದು ಓದಿಕೊಳ್ಳಿ.

ತಿದ್ದಲು ಹೊರಡುವ ಮೊದಲು ಅಳತೆಗೋಲು ಬೇಕು. ಹಳೆಯ ದೂರುಗಳಲ್ಲಿ ವಿಭಾಗಕ್ಕೆ 5ರಂತೆ 20 ಪತ್ರ ಆರಿಸಿ, ಪ್ರತಿಯೊಂದಕ್ಕೂ ಸರಿಯುತ್ತರವನ್ನು ಮನುಷ್ಯರೇ ಬರೆದಿಡಬೇಕು. ಪ್ರಾಂಪ್ಟ್‌ನೊಳಗೆ ಉದಾಹರಣೆಯಾಗಿ ಬಳಸಿದ ಪತ್ರಗಳು ಈ ಇಪ್ಪತ್ತರಲ್ಲಿ ಇರಕೂಡದು. ಆಮೇಲೆ ಪ್ರಾಂಪ್ಟ್‌ನ ಒಂದಕ್ಷರವನ್ನೂ ಮುಟ್ಟದೆ ಮೂರು ಸಲ ಓಡಿಸಬೇಕು. ನಮಗೆ ಸರಿಬಂದದ್ದು 12, 13, 12. ಏನೂ ಬದಲಿಸದಿದ್ದರೂ ಒಂದು ಅಂಕ ಆಚೀಚೆ ಆಗಿದೆ. ಮಾದರಿಯ ಉತ್ತರದಲ್ಲಿ ಆಕಸ್ಮಿಕದ ಪಾಲು ಇರುವುದರಿಂದ ಹೀಗಾಗುತ್ತದೆ. ಟೆಂಪರೇಚರ್ ಎಂಬ ಹೊಂದಿಕೆಯನ್ನು ಸೊನ್ನೆಗೆ ಇಳಿಸಿದರೆ ಈ ಓಲಾಟ ತಗ್ಗುತ್ತದೆ, ಆದರೆ ಪೂರ್ತಿ ನಿಲ್ಲುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಮುಂದೆ ಯಾವ ತಿದ್ದುಪಡಿಯಿಂದ ಒಂದೇ ಅಂಕ ಏರಿದರೂ ಅದನ್ನು ಲಾಭವೆಂದು ಎಣಿಸುವಂತಿಲ್ಲ.

ಇನ್ನು ದಾಖಲೆಯ ಪುಸ್ತಕ. ತಾರೀಕು, ಮಾದರಿಯ ಹೆಸರು ಮತ್ತು ಆವೃತ್ತಿ, ಏನು ಬದಲಾಯಿತು, ಏನಾಗುತ್ತದೆಂದು ನಮ್ಮ ಊಹೆ, ಮೂರು ಓಟದ ಅಂಕ. ಇವುಗಳ ಜೊತೆಗೆ ಹಲವರು ಬಿಟ್ಟುಬಿಡುವ ಇನ್ನೊಂದು ಕಲಂ ಬೇಕು: ತಪ್ಪಿದ ಪತ್ರಗಳು ಯಾವ ವಿಭಾಗಕ್ಕೆ ಹೋದವು? ನಮ್ಮ ಮೊದಲ ಓಟದಲ್ಲಿ ತಪ್ಪಿದ 8 ಪತ್ರಗಳಲ್ಲಿ 6 ‘ರಸ್ತೆ’ಗೆ ಹೋಗಿದ್ದವು.

ಮೊದಲ ಬದಲಾವಣೆಯಾಗಿ ‘ನುರಿತ ಅಧಿಕಾರಿ’ ಎಂಬ ಸಾಲನ್ನು ತೆಗೆದೆವು. ಬಂದದ್ದು 12, 12, 13. ಆ ಸಾಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದನ್ನು ಬರೆದಿಟ್ಟುಕೊಂಡು ಪ್ರಾಂಪ್ಟ್ ಅನ್ನು ಮೊದಲಿನ ರೂಪಕ್ಕೇ ತಂದೆವು. ಹೀಗೆ ಪ್ರತಿ ಸಲವೂ ಮೂಲಕ್ಕೆ ಮರಳದಿದ್ದರೆ ಮೂರನೆಯ ಪ್ರಯೋಗದ ಹೊತ್ತಿಗೆ ಮೂರು ಬದಲಾವಣೆಗಳು ಒಂದರ ಮೇಲೊಂದು ಕೂತಿರುತ್ತವೆ.

ಎರಡನೆಯದಾಗಿ ಉದಾಹರಣೆಗಳ ಸರದಿಯನ್ನಷ್ಟೇ ತಿರುಗಿಸಿದೆವು. ರಸ್ತೆಯವು ಮೊದಲಿಗೆ, ನೀರಿನದು ಕೊನೆಗೆ. ಅಂಕ ಮತ್ತೆ 12, 12, 13. ಅಂಕವನ್ನಷ್ಟೇ ನೋಡುವವರು ಇಲ್ಲಿ ‘ಪ್ರಯೋಜನವಿಲ್ಲ’ ಎಂದು ಮುಂದೆ ಹೋಗುತ್ತಿದ್ದರು. ಆದರೆ ಕೊನೆಯ ಕಲಂ ಬೇರೆಯದೇ ಕಥೆ ಹೇಳುತ್ತಿತ್ತು. ಈ ಸಲ 8 ತಪ್ಪುಗಳಲ್ಲಿ ‘ರಸ್ತೆ’ಗೆ ಹೋದವು 2, ‘ನೀರಿ’ಗೆ ಹೋದವು 5. ಅಂದರೆ ಮಾದರಿಗೆ ಅನುಮಾನ ಬಂದಾಗಲೆಲ್ಲ ಅದು ಕೊನೆಯಲ್ಲಿ ಕಂಡ ಉದಾಹರಣೆಯ ಕಡೆ ವಾಲುತ್ತಿದೆ.

ಇದು ಭಾಷಾ ಮಾದರಿಗಳ ಗೊತ್ತಿರುವ ದೌರ್ಬಲ್ಯ. ಟೋನಿ ಝಾವೋ ಮತ್ತು ಸಂಗಡಿಗರು 2021ರಲ್ಲಿ ಜಿಪಿಟಿ-3 ಮಾದರಿಯನ್ನು ಪರೀಕ್ಷಿಸಿ, ಉದಾಹರಣೆಗಳಲ್ಲಿ ಹೆಚ್ಚು ಸಲ ಬಂದ ಉತ್ತರದ ಕಡೆಗೂ ಕೊನೆಗೆ ಬಂದ ಉತ್ತರದ ಕಡೆಗೂ ಅದು ವಾಲುತ್ತದೆಂದು ತೋರಿಸಿದ್ದರು. ನಮ್ಮ ಮೂಲ ಪ್ರಾಂಪ್ಟ್‌ನಲ್ಲಿ ರಸ್ತೆಗೆ ಎರಡೂ ಅನುಕೂಲಗಳಿದ್ದವು. ಅದು ಎರಡು ಸಲ ಬಂದಿತ್ತು, ಕೊನೆಯಲ್ಲೂ ಇತ್ತು. ಕಸಕ್ಕೋ ಒಂದು ಉದಾಹರಣೆಯೂ ಇರಲಿಲ್ಲ.

ಮೂರನೆಯ ಬದಲಾವಣೆ: ಒಂದು ರಸ್ತೆ ಉದಾಹರಣೆ ತೆಗೆದು ಅಲ್ಲಿ ಕಸದ್ದನ್ನು ಇಡುವುದು. ಎಡವುವುದು ಇಲ್ಲೇ. ಕೊನೆಯ ರಸ್ತೆಯನ್ನು ತೆಗೆದರೆ ಎಣಿಕೆಯ ಜೊತೆಗೆ ಕೊನೆಯ ಉತ್ತರವೂ ಬದಲಾಗುತ್ತದೆ. ನೋಡಲು ಒಂದು ಬದಲಾವಣೆ, ಲೆಕ್ಕದಲ್ಲಿ ಎರಡು. ಅದಕ್ಕೆ ಮೂರನೆಯ ಸ್ಥಾನದ ರಸ್ತೆಯನ್ನು ತೆಗೆದು ಕಸವನ್ನಿಟ್ಟು, ಕೊನೆಯದನ್ನು ಹಾಗೇ ಬಿಟ್ಟೆವು. ಅಂಕ 15, 15, 16. ಓಲಾಟದ ಗೆರೆಯನ್ನು ದಾಟಿದ ಮೊದಲ ಫಲ ಇದು.

ನಾಲ್ಕನೆಯ ಬದಲಾವಣೆಗೆ ದಾರಿ ತೋರಿಸಿದ್ದು ತಪ್ಪಿದ ಪತ್ರಗಳೇ. ಒಡೆದ ಪೈಪು ರಸ್ತೆಯಲ್ಲಿತ್ತು, ಕಸ ರಸ್ತೆಬದಿಯಲ್ಲಿತ್ತು, ಆರಿದ ದೀಪ ರಸ್ತೆ ತಿರುವಿನಲ್ಲಿತ್ತು. ದೂರು ಬರೆಯುವವರು ಜಾಗ ಹೇಳದೆ ಇರುವುದಿಲ್ಲ. ಮೂಲ ಪ್ರಾಂಪ್ಟ್‌ಗೆ ಮರಳಿ, ಉದಾಹರಣೆಗಳನ್ನು ಮುಟ್ಟದೆ, ‘ಜಾಗವನ್ನು ನೋಡಬೇಡ, ಕೆಟ್ಟಿರುವುದು ಏನೆಂದು ನೋಡು’ ಎಂಬ ಒಂದು ಸಾಲು ಸೇರಿಸಿದೆವು. 16, 15, 16.

ಹೀಗೆ ಬೇರೆಬೇರೆಯಾಗಿ ಗೆದ್ದ ಎರಡನ್ನೂ ಕೊನೆಗೆ ಒಟ್ಟಿಗೆ ಇಟ್ಟು ನೋಡಲೇಬೇಕು. ಒಂದರ ಲಾಭ ಇನ್ನೊಂದಕ್ಕೆ ಕೂಡುತ್ತದೆಂದು ಮೊದಲೇ ಹೇಳಲಾಗದು. ಕೆಲವೊಮ್ಮೆ ಎರಡೂ ಒಂದೇ ರೋಗದ ಔಷಧಿಗಳಾಗಿರುತ್ತವೆ, ಕೂಡಿಸಿದರೆ ಹೆಚ್ಚಿನದೇನೂ ಸಿಗುವುದಿಲ್ಲ. ನಮಗೆ ಸಿಕ್ಕಿದ್ದು 19, 19, 18. ಅಂದರೆ ಎರಡೂ ಬೇರೆಬೇರೆ ತಪ್ಪುಗಳನ್ನು ತಿದ್ದುತ್ತಿದ್ದವು.

ಈ ವಿಧಾನದ ಮಿತಿಯೂ ಇಲ್ಲೇ ಇದೆ. ಒಂಟಿಯಾಗಿ ಏನೂ ಮಾಡದೆ, ಜೊತೆಯಾದಾಗ ಮಾತ್ರ ಕೆಲಸ ಮಾಡುವ ಎರಡು ಬದಲಾವಣೆಗಳು ಇದರ ಕಣ್ಣಿಗೆ ಬೀಳುವುದಿಲ್ಲ. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ 1926ರಷ್ಟು ಹಿಂದೆಯೇ, ಹೊಲದ ಪ್ರಯೋಗಗಳ ಬಗ್ಗೆ ಬರೆಯುತ್ತಾ, ಒಂದು ಸಲಕ್ಕೆ ಒಂದೇ ಪ್ರಶ್ನೆ ಎಂಬ ನಿಯಮವನ್ನು ಈ ಕಾರಣಕ್ಕೇ ಟೀಕಿಸಿದ್ದರು. ಕಾರಣ ಹುಡುಕುವ ಮೊದಲ ಸುತ್ತಿಗೆ ಒಂಟಿ ಬದಲಾವಣೆ ಸಾಕು. ಅದರಲ್ಲಿ ಏನೂ ಅಲುಗದಿದ್ದರೆ ಜೋಡಿಗಳನ್ನು ಪರೀಕ್ಷಿಸಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ. ಇದೇ 20 ಪತ್ರಗಳನ್ನು ನೋಡಿ ನೋಡಿ ತಿದ್ದಿದ ಪ್ರಾಂಪ್ಟ್ ಇವಕ್ಕಷ್ಟೇ ಒಗ್ಗಿಹೋಗಿರಬಹುದು. ಅದಕ್ಕಾಗಿ 10 ಪತ್ರಗಳನ್ನು ಮೊದಲ ದಿನವೇ ಬೇರೆ ಲಕೋಟೆಯಲ್ಲಿ ಎತ್ತಿಟ್ಟಿರಬೇಕು. ಎಲ್ಲ ಮುಗಿದ ಮೇಲೆ ಒಮ್ಮೆ ಮಾತ್ರ ಅವುಗಳ ಮೇಲೆ ಓಡಿಸಬೇಕು. ಅಲ್ಲಿ ಅಂಕ ಕುಸಿದರೆ ನಾವು ಸರಿಪಡಿಸಿದ್ದು ಪ್ರಾಂಪ್ಟ್ ಅಲ್ಲ, ಪ್ರಶ್ನೆಪತ್ರಿಕೆಗೆ ಉತ್ತರ ಉರುಹೊಡೆಸಿದ್ದೇವೆ.

ಮೂರು ಓಟದಲ್ಲೂ ತಪ್ಪಿದ ಪತ್ರ ಒಂದು ಉಳಿದಿದೆ: ‘ಕಂಬದ ದೀಪ ಉರಿಯುತ್ತಿಲ್ಲ, ಕತ್ತಲಲ್ಲಿ ಜನ ಅದರ ಬುಡಕ್ಕೇ ಕಸ ಸುರಿದು ಹೋಗುತ್ತಿದ್ದಾರೆ.’ ಇದರಲ್ಲಿ ಎರಡು ದೂರುಗಳಿವೆ, ನಮ್ಮ ಪ್ರಾಂಪ್ಟ್ ಒಂದೇ ಪದ ಕೇಳುತ್ತದೆ. ಉತ್ತರ ಪಟ್ಟಿಯಲ್ಲಿ ‘ಬೀದಿದೀಪ’ ಎಂದು ಬರೆದವರಿಗೂ ಅದು ಖಚಿತವಿರಲಿಲ್ಲ. ಇಂಥ ಪತ್ರ ಎರಡು ಮೇಜಿಗೂ ಹೋಗಬೇಕೇ ಎಂಬುದನ್ನು ಪ್ರಾಂಪ್ಟ್ ತಿದ್ದುವವರು ತೀರ್ಮಾನಿಸಲಾಗದು, ನಗರಸಭೆಯೇ ತೀರ್ಮಾನಿಸಬೇಕು. ದಾಖಲೆ ಪುಸ್ತಕದ ಕೊನೆಯ ಸಾಲಿನಲ್ಲಿ ಅದನ್ನೂ ಹಾಗೆಯೇ ಬರೆದಿಡಿ.