ಎಡಿಟರ್‌ಗೆ ಬರೆಯುವ ಮೊದಲ ಮೇಲ್

ಫ್ರೀಲಾನ್ಸ್ ವಿಡಿಯೊ ಎಡಿಟರ್ ಸಾಮಾನ್ಯವಾಗಿ ಶೂಟಿಂಗ್ ನಡೆದ ಜಾಗಕ್ಕೆ ಬಂದಿರುವುದಿಲ್ಲ. ಅವರ ಕೈಗೆ ಸಿಗುವುದು ಒಂದು ಹಾರ್ಡ್ ಡಿಸ್ಕ್, ಒಂದು ಮೇಲ್. ಮೇಲ್‌ನಲ್ಲಿ ಬಿಟ್ಟುಹೋದ ವಿವರವನ್ನು ಅವರು ಊಹಿಸಿಕೊಳ್ಳಬೇಕಾಗುತ್ತದೆ.

ಚನ್ನಪಟ್ಟಣದ ಗೊಂಬೆ ತಯಾರಿಕೆ ಕುರಿತು 4 ನಿಮಿಷದ ಚಿತ್ರ ಮಾಡಿಸುತ್ತಿದ್ದೀರಿ ಎಂದುಕೊಳ್ಳಿ. ಎರಡು ಕ್ಯಾಮೆರಾಗಳಲ್ಲಿ ಒಟ್ಟು 6 ಗಂಟೆಯ 4ಕೆ ಫೂಟೇಜ್ ಇದೆ. ಗಂಟೆಗೆ ಸುಮಾರು 45 ಜಿಬಿಯಂತೆ ಅದು 270 ಜಿಬಿ ಆಗುತ್ತದೆ. ಅಪ್‌ಲೋಡ್ ವೇಗ 50 ಎಂಬಿಪಿಎಸ್ ಇದ್ದರೂ ಕಳಿಸಲು 12 ಗಂಟೆ ಬೇಕು. ಹಾಗಾಗಿ ಡಿಸ್ಕ್ ಕೊಡುವುದೇ ಸುಲಭ, ಒಂದು ಪ್ರತಿ ನಿಮ್ಮಲ್ಲೂ ಇರಲಿ.

ಫೂಟೇಜ್ ಬಗ್ಗೆ ಹೀಗೆ ಬರೆಯಬಹುದು: ‘CAM_A ಫೋಲ್ಡರ್‌ನಲ್ಲಿ ಸಂದರ್ಶನ, ಸೆಕೆಂಡಿಗೆ 25 ಫ್ರೇಮ್. CAM_B ಫೋಲ್ಡರ್‌ನಲ್ಲಿ ಕೈಕೆಲಸದ ಹತ್ತಿರದ ಶಾಟ್‌ಗಳು, ಸ್ಲೋ ಮೋಷನ್‌ಗಾಗಿ 50 ಫ್ರೇಮ್. ಸಂದರ್ಶನದ ಆಡಿಯೊ ಬೇರೆ ರೆಕಾರ್ಡರ್‌ನಲ್ಲಿದೆ, ಪ್ರತಿ ಟೇಕ್ ಶುರುವಿನಲ್ಲಿ ಚಪ್ಪಾಳೆ ಇದೆ.’ 50 ಫ್ರೇಮಿನ ಶಾಟನ್ನು ಅರ್ಧ ವೇಗಕ್ಕೆ ಇಳಿಸಿದರೂ ಚಲನೆ ನಯವಾಗಿರುತ್ತದೆ. 25ರದ್ದನ್ನು ಹಾಗೆ ಇಳಿಸಿದರೆ ಫ್ರೇಮ್‌ಗಳು ಸಾಲದೆ ಕುಪ್ಪಳಿಸಿದಂತೆ ಕಾಣುತ್ತದೆ. ಲಾಗ್ ಪ್ರೊಫೈಲ್‌ನಲ್ಲಿ ಶೂಟ್ ಮಾಡಿದ್ದರೆ ಕ್ಯಾಮೆರಾದ ಮಾದರಿ ಮತ್ತು ಪ್ರೊಫೈಲ್ ಹೆಸರನ್ನೂ ಬರೆಯಬೇಕು. ಆ ಚಿತ್ರಿಕೆ ಮೊದಲಿಗೆ ಬಣ್ಣಗೆಟ್ಟು ಬೂದಿಯಾಗಿ ಕಾಣುವುದರಿಂದ, ಅದನ್ನು ಸರಿಯಾದ ಬಣ್ಣಕ್ಕೆ ತರಲು ಈ ಮಾಹಿತಿ ಬೇಕಾಗುತ್ತದೆ.

ಶೈಲಿಗಾಗಿ ಲಿಂಕ್ ಕಳಿಸಿ ‘ಇದರ ಹಾಗೆ ಇರಲಿ’ ಎಂದರೆ ಸಾಲದು. ಬಣ್ಣ ಮೆಚ್ಚಿದಿರೋ, ಕಟ್‌ಗಳ ವೇಗವೋ, ಸಂಗೀತವೋ? ‘1:10ರಿಂದ 1:35ರವರೆಗೆ ಸಂಗೀತವಿಲ್ಲದೆ ಕೆಲಸದ ಸದ್ದಷ್ಟೇ ಕೇಳುತ್ತದೆ. ನಮ್ಮ ಚಿತ್ರದಲ್ಲಿ ಲೇತ್ ತಿರುಗುವಾಗ ಹಾಗೇ ಇರಲಿ’ ಎಂದು ಬರೆದರೆ ಎಡಿಟರ್‌ಗೆ ಆಯ್ಕೆ ಸ್ಪಷ್ಟವಾಗುತ್ತದೆ.

ಗಡುವನ್ನು ಒಂದೇ ದಿನಾಂಕವಾಗಿ ಕೊಡಬೇಡಿ. 6 ಗಂಟೆಯ ಫೂಟೇಜ್ ಒಮ್ಮೆ ನೋಡಿ ಗುರುತು ಹಾಕುವುದಕ್ಕೇ ಒಂದು ದಿನ ಬೇಕು. ರಫ್ ಕಟ್ ಎಂದು ಬರಬೇಕು, ನೀವು ಎಷ್ಟು ದಿನದಲ್ಲಿ ಅಭಿಪ್ರಾಯ ಹೇಳುತ್ತೀರಿ, ತಿದ್ದುಪಡಿ ಎಷ್ಟು ಸುತ್ತು, ಕೊನೆಯ ಒಪ್ಪಿಗೆ ಯಾರದು ಎಂಬುದೆಲ್ಲ ಮೇಲ್‌ನಲ್ಲಿರಲಿ. ನಾಲ್ವರು ಬೇರೆ ಬೇರೆಯಾಗಿ ತಿದ್ದುಪಡಿ ಕಳಿಸಿದರೆ ಒಬ್ಬರು ಬೇಕೆಂದ ಶಾಟನ್ನೇ ಇನ್ನೊಬ್ಬರು ತೆಗೆಯಿರಿ ಎನ್ನುತ್ತಾರೆ.

ಹೆಚ್ಚು ಜನ ಕೊನೆಗೆ ಹೇಳೋಣ ಎಂದು ಬಿಡುವುದು ಡೆಲಿವರಿ ವಿವರವನ್ನು. ಯೂಟ್ಯೂಬ್‌ಗೆ 16:9 ಅಡ್ಡ ಚಿತ್ರದ ಜೊತೆ ರೀಲ್ಸ್‌ಗೆ 9:16 ಲಂಬ ಚಿತ್ರವೂ ಬೇಕಿದ್ದರೆ ಮೊದಲೇ ತಿಳಿಸಬೇಕು. ಅಡ್ಡ ಚೌಕಟ್ಟಿನಿಂದ ಲಂಬವಾಗಿ ಕತ್ತರಿಸಿದಾಗ ಅಗಲದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಉಳಿಯುತ್ತದೆ. ಎಡಕ್ಕೆ ಕುಶಲಕರ್ಮಿಯ ಮುಖ, ಬಲಕ್ಕೆ ಲೇತ್ ಇರುವ ಶಾಟ್‌ನಲ್ಲಿ ಒಂದು ಹೋಗಿಬಿಡುತ್ತದೆ. ಮೊದಲೇ ಗೊತ್ತಿದ್ದರೆ ಎಡಿಟರ್ ರೀಲ್ಸ್‌ಗೆ CAM_Bಯ ಹತ್ತಿರದ ಶಾಟ್‌ಗಳನ್ನು ಎತ್ತಿಡುತ್ತಾರೆ. ‘ಎರಡೂ ಎಚ್.264, ಎಂಪಿ4. ಅಡ್ಡದ್ದು 1920x1080, ಲಂಬದ್ದು 1080x1920. ಕನ್ನಡ ಸಬ್‌ಟೈಟಲ್ ಬೇರೆ ಎಸ್‌ಆರ್‌ಟಿ ಫೈಲ್’ ಎಂಬ ಮೂರು ಸಾಲು ಸಾಕು. ಪ್ರಾಜೆಕ್ಟ್ ಫೈಲ್ ಕೂಡ ಬೇಕಿದ್ದರೆ ಸಂಭಾವನೆ ಮಾತಾಡುವಾಗಲೇ ಕೇಳಿ. ಹಲವು ಎಡಿಟರ್‌ಗಳು ಅದಕ್ಕೆ ಬೇರೆ ದರ ಹೇಳುತ್ತಾರೆ.