ಲೆಕ್ಕದ ಗೆರೆ, ಅಳತೆಯ ಗೆರೆ

ಮೋಟಾರಿನ ಮೈಮೇಲಿನ ಫಲಕದಲ್ಲಿ 1440 ಆರ್‌ಪಿಎಂ ಎಂದಿದ್ದರೆ, ಅದರ ಶಾಫ್ಟ್ ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಶಾಫ್ಟಿಗೆ ಹಾಕಿದ ಪುಲ್ಲಿಯ ಒಂದು ಬದಿ ತುಸು ಭಾರವಾಗಿದ್ದರೂ ಸಾಕು, ಮೋಟಾರು ಸೆಕೆಂಡಿಗೆ 24 ಬಾರಿ, ಅಂದರೆ 24 ಹರ್ಟ್ಸ್‌ನಲ್ಲಿ ನಡುಗುತ್ತದೆ. ಮೋಟಾರಿನ ಶಾಫ್ಟೂ ಪಂಪಿನ ಶಾಫ್ಟೂ ನೇರಕ್ಕೆ ಕೂತಿಲ್ಲದಿದ್ದರೆ ಅದರ ಎರಡರಷ್ಟು, 48 ಹರ್ಟ್ಸ್‌ನ ನಡುಕ ಎದ್ದು ಕಾಣುತ್ತದೆ. ದೋಷ ಎಲ್ಲಿದೆ ಎಂದು ಹೇಳುವುದು ಈ ಎರಡು ನಡುಕಗಳೇ. ಆದರೆ ಕಂಪನ ಅಳೆಯುವ ಅಕ್ಸೆಲರೋಮೀಟರನ್ನು ಮೋಟಾರಿಗೆ ಅಂಟಿಸಿ ನೋಡಿದರೆ ಅವು ಬಿಡಿಬಿಡಿಯಾಗಿ ಸಿಗುವುದಿಲ್ಲ. ನಮ್ಮ 50 ಹರ್ಟ್ಸ್ ಕರೆಂಟು ಮೋಟಾರಿನ ಕಬ್ಬಿಣವನ್ನು ಪ್ರತಿ ಆವರ್ತದಲ್ಲೂ ಎರಡು ಸಲ ಸೆಳೆಯುವುದರಿಂದ ಹುಟ್ಟುವ 100 ಹರ್ಟ್ಸ್‌ನ ಗುಂಯ್‌ಗುಡುವಿಕೆ, ಬೇರಿಂಗಿನ ಕರಕರ, ತಂತಿ ಹಿಡಿದ ಗದ್ದಲ ಎಲ್ಲವೂ ಒಂದರ ಮೇಲೊಂದು ಸೇರಿರುತ್ತವೆ.

ಇದನ್ನು ಸೋಸಲು ಕೆಲವು ನೂರು ರೂಪಾಯಿಯ ಮೈಕ್ರೊಕಂಟ್ರೋಲರ್ ಬೋರ್ಡು ಸಾಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ‘ಬ್ಲೂ ಪಿಲ್’ ಎಂದು ಕರೆಯುವ ಎಸ್‌ಟಿಎಂ32ಎಫ್103 ಬೋರ್ಡನ್ನೂ ಎಡಿಎಕ್ಸ್‌ಎಲ್335 ಎಂಬ ಅಕ್ಸೆಲರೋಮೀಟರನ್ನೂ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಫಿಲ್ಟರನ್ನು ಬರೆದು ಮುಗಿಸುವುದು ಒಂದು ಸಂಜೆಯ ಕೆಲಸ. ಅದು ಲೆಕ್ಕ ಹೇಳಿದಂತೆ ನಡೆಯುತ್ತಿದೆಯೇ ಎಂದು ನೋಡುವಲ್ಲಿ ಹೆಚ್ಚು ಕಲಿಯುವುದಿದೆ. ಏಕೆಂದರೆ ಲೆಕ್ಕಕ್ಕೂ ಅಳತೆಗೂ ಬರುವ ವ್ಯತ್ಯಾಸ ಅಡ್ಡಾದಿಡ್ಡಿಯಾಗಿ ಇರುವುದಿಲ್ಲ. ಒಂದೊಂದು ತಪ್ಪೂ ಗ್ರಾಫಿನ ಮೇಲೆ ತನ್ನದೇ ಗುರುತು ಬಿಡುತ್ತದೆ.

83 ಸಂಖ್ಯೆಗಳ ಫಿಲ್ಟರ್

ಎಫ್‌ಐಆರ್, ಅಂದರೆ ಫೈನೈಟ್ ಇಂಪಲ್ಸ್ ರೆಸ್ಪಾನ್ಸ್ ಫಿಲ್ಟರ್ ಮಾಡುವ ಕೆಲಸ ಸರಳ. ಈಗಿನ ಅಳತೆ ಮತ್ತು ಅದರ ಹಿಂದಿನ ಕೆಲವು ಅಳತೆಗಳನ್ನು ಸಾಲಾಗಿ ಇಟ್ಟುಕೊಂಡು, ಪ್ರತಿಯೊಂದನ್ನೂ ಮೊದಲೇ ಗೊತ್ತುಮಾಡಿದ ಒಂದು ಗುಣಾಂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿಸುತ್ತದೆ. ಬಂದ ಮೊತ್ತವೇ ಸೋಸಿದ ಅಳತೆ. ಹೊಸ ಅಳತೆ ಬಂದಾಗ ಎಲ್ಲಕ್ಕಿಂತ ಹಳೆಯದು ಹೊರಬೀಳುತ್ತದೆ.

ಎಷ್ಟು ಗುಣಾಂಕ ಬೇಕು? ಸೆಕೆಂಡಿಗೆ 1000 ಸಲ ಅಳೆಯುತ್ತೇವೆ ಎಂದುಕೊಳ್ಳೋಣ. 60 ಹರ್ಟ್ಸ್‌ವರೆಗಿನದು ಹಾಗೇ ದಾಟಬೇಕು, 100 ಹರ್ಟ್ಸ್‌ನಿಂದ ಮೇಲಿನದು ನಿಲ್ಲಬೇಕು. ಈ ಎರಡರ ನಡುವಿನ ಇಳಿಜಾರು 40 ಹರ್ಟ್ಸ್. ಇಳಿಜಾರು ಕಡಿದಾದಷ್ಟೂ ಗುಣಾಂಕಗಳು ಹೆಚ್ಚು ಬೇಕು. ಹ್ಯಾಮಿಂಗ್ ವಿಂಡೋ ಎಂಬ ವಿಧಾನದಲ್ಲಿ ಅದರ ಸೂತ್ರ ಹೀಗಿದೆ: N = 3.3 × 1000 / 40 = 82.5. ಬೆಸ ಸಂಖ್ಯೆಯಾದರೆ ನಡುವೆ ಒಂದು ಗುಣಾಂಕ ಕೂರುತ್ತದೆ, ಹಾಗಾಗಿ 83.

ವಿಂಡೋ ಏಕೆ ಬೇಕೆಂದರೆ, ಆದರ್ಶ ಫಿಲ್ಟರಿನ ಗುಣಾಂಕಗಳ ಸಾಲಿಗೆ ಕೊನೆಯೇ ಇಲ್ಲ. ಅದನ್ನು 83ಕ್ಕೆ ಕತ್ತರಿಸಲೇಬೇಕು. ಥಟ್ಟನೆ ಕತ್ತರಿಸಿದರೆ, ನಿಲ್ಲಬೇಕಾದ ಆವರ್ತನಗಳಲ್ಲೂ ಕೆಲವು ಶೇಕಡಾ 9ರಷ್ಟು ನುಸುಳುತ್ತವೆ. ಹ್ಯಾಮಿಂಗ್ ವಿಂಡೋ ಎರಡೂ ತುದಿಯ ಗುಣಾಂಕಗಳನ್ನು ಮೆಲ್ಲಗೆ ಕುಗ್ಗಿಸುವುದರಿಂದ ಆ ನುಸುಳುವಿಕೆ ಶೇಕಡಾ 0.3ಕ್ಕೆ ಇಳಿಯುತ್ತದೆ.

ಬ್ಲೂ ಪಿಲ್‌ನ ಪ್ರೊಸೆಸರಿನಲ್ಲಿ ದಶಮಾಂಶ ಲೆಕ್ಕಕ್ಕೆ ಪ್ರತ್ಯೇಕ ಯಂತ್ರಾಂಶ ಇಲ್ಲ. ಆದ್ದರಿಂದ ಪ್ರತಿ ಗುಣಾಂಕವನ್ನೂ 32768ರಿಂದ ಗುಣಿಸಿ ಪೂರ್ಣಾಂಕ ಮಾಡಿಕೊಳ್ಳುತ್ತಾರೆ. ನಡುವಿನ ಗುಣಾಂಕ 0.16 ಇದ್ದದ್ದು 5243ರ ಆಸುಪಾಸಿಗೆ ಬರುತ್ತದೆ. ಆಮೇಲೆ ಉಳಿಯುವುದು ಇಷ್ಟೇ:

```c
int32_t acc = 0;
for (int k = 0; k < 83; k++)
    acc += (int32_t)h[k] * x[(pos + 83 - k) % 83];
y = acc >> 11;   // y = 16 x ADC
```

ಮೊತ್ತ ಇಡುವ `acc` 32 ಬಿಟ್‌ನದೇ ಆಗಿರಬೇಕು. 16 ಬಿಟ್ ಇಟ್ಟರೆ ಸಂಖ್ಯೆ ತುಂಬಿ ತುಳುಕಿ, ಅಲೆ ಏರುತ್ತಿರುವಾಗಲೇ ದಿಢೀರನೆ ತಳಕ್ಕೆ ಬೀಳುತ್ತದೆ. ಕೊನೆಯಲ್ಲಿ 15ರ ಬದಲು 11 ಬಿಟ್ ಮಾತ್ರ ಸರಿಸಿದ್ದಕ್ಕೂ ಕಾರಣವಿದೆ: ಉಳಿದ ನಾಲ್ಕು ಬಿಟ್‌ಗಳಲ್ಲಿ ಸಣ್ಣ ನಡುಕದ ವಿವರ ಉಳಿಯುತ್ತದೆ. ಈ ಇಡೀ ಲೆಕ್ಕಕ್ಕೆ 72 ಮೆಗಾಹರ್ಟ್ಸ್ ಚಿಪ್ ತೆಗೆದುಕೊಳ್ಳುವ ಸಮಯ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗವೂ ಅಲ್ಲ. ಮುಂದಿನ ಅಳತೆಯವರೆಗೆ ಅದಕ್ಕೆ ಪುರುಸೊತ್ತೋ ಪುರುಸೊತ್ತು.

ಮೋಟಾರಿಗೆ ಮೊದಲು ಎರಡು ಪರೀಕ್ಷೆ

ಬರೆದದ್ದನ್ನು ನೇರ ಮೋಟಾರಿಗೆ ಕಟ್ಟಿದರೆ ತಪ್ಪು ಎಲ್ಲಿದೆ ಎಂದು ತಿಳಿಯುವುದಿಲ್ಲ. ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಸೆನ್ಸರಿನ ಅಳತೆಯ ಜಾಗದಲ್ಲಿ ಪ್ರೋಗ್ರಾಮಿನೊಳಗಿನಿಂದಲೇ ಒಂದು ಸಲ 1, ಆಮೇಲೆ ಬರೀ ಸೊನ್ನೆಗಳನ್ನು ಕೊಡಿ. `acc`ನಲ್ಲಿ 83 ಗುಣಾಂಕಗಳೂ ಸಾಲಾಗಿ, ಒಂದು ಅಂಕಿಯೂ ಹೆಚ್ಚುಕಡಿಮೆಯಾಗದೆ ಹೊರಬರಬೇಕು. ಇಲ್ಲಿ ‘ಸುಮಾರಾಗಿ ಸರಿ’ ಎಂಬುದಿಲ್ಲ. ಒಂದು ಸಂಖ್ಯೆ ತಪ್ಪಿದರೂ ಕೋಡ್ ತಪ್ಪು.

ಎರಡನೆಯದಕ್ಕೆ ಫಂಕ್ಷನ್ ಜನರೇಟರ್ ಬೇಕು. ಅದರ ಸೈನ್ ಅಲೆಯನ್ನು 1.65 ವೋಲ್ಟಿನ ಮೇಲೆ ಕೂರಿಸಿ ಚಿಪ್‌ನ ಎಡಿಸಿ ಪಿನ್ನಿಗೆ ಕೊಟ್ಟು, ಒಂದೊಂದೇ ಆವರ್ತನದಲ್ಲಿ ಹೊರಬಂದ ಅಲೆಯ ಎತ್ತರವನ್ನು ಒಳಹೋದದ್ದರಿಂದ ಭಾಗಿಸಬೇಕು. ಲೆಕ್ಕದ ಪ್ರಕಾರ 24 ಮತ್ತು 48 ಹರ್ಟ್ಸ್‌ನಲ್ಲಿ ಉತ್ತರ 1. 70ರಲ್ಲಿ ಸುಮಾರು 0.87, 80ರಲ್ಲಿ 0.5, 90ರಲ್ಲಿ ಸುಮಾರು 0.13, 100ರಲ್ಲಿ 0.003ರ ಹತ್ತಿರ. ಆರ್‌ಸಿ ಸರ್ಕೀಟಿನ ಅಭ್ಯಾಸದಲ್ಲಿ ಬೆಳೆದವರು 80ರಲ್ಲಿ 0.707 ಬರಬೇಕಿತ್ತಲ್ಲ ಎಂದು ತಪ್ಪು ಹುಡುಕಲು ಹೊರಡುವುದುಂಟು. ಆದರೆ ವಿಂಡೋ ವಿಧಾನದ ಫಿಲ್ಟರಿನಲ್ಲಿ ಇಳಿಜಾರಿನ ನಡುಬಿಂದು ಅರ್ಧಕ್ಕೇ ಬೀಳುತ್ತದೆ. 70 ಮತ್ತು 90ರ ಉತ್ತರ ಕೂಡಿದರೆ 1 ಆಗುವುದೂ ಅದಕ್ಕೇ.

ಈಗ ವ್ಯತ್ಯಾಸಗಳನ್ನು ಓದಬಹುದು. ಅರ್ಧದ ಬಿಂದು 80ರ ಬದಲು 76 ಹರ್ಟ್ಸ್‌ಗೆ ಬಂದು, ಇಡೀ ಗೆರೆಯೇ ಎಡಕ್ಕೆ ಕುಗ್ಗಿದ್ದರೆ ಗುಣಾಂಕಗಳನ್ನು ದೂರಬೇಡಿ. ಫಿಲ್ಟರಿಗೆ ಹರ್ಟ್ಸ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಳತೆಯ ವೇಗದ 0.08 ಪಾಲು ಎಂಬುದು ಮಾತ್ರ. ಒಂದು ಮಿಲಿಸೆಕೆಂಡ್ ಕಾಯುವ `delay(1)` ಬರೆದು, ಅಳೆಯಲು ಮತ್ತು ಗುಣಿಸಲು ಇನ್ನೂ 50 ಮೈಕ್ರೊಸೆಕೆಂಡ್ ಹಿಡಿದರೆ, ಸೆಕೆಂಡಿಗೆ ಸಿಗುವುದು 1000 ಅಲ್ಲ, 952 ಅಳತೆ. ಅದರ 0.08 ಪಾಲು 76. ಅಳತೆಯನ್ನು ಟೈಮರ್ ಇಂಟರಪ್ಟಿಗೆ ಒಪ್ಪಿಸಿದರೆ ಗೆರೆ ತನ್ನ ಜಾಗಕ್ಕೆ ಬರುತ್ತದೆ.

ಇಳಿಜಾರು ಸರಿಯಿದ್ದು, 100 ಹರ್ಟ್ಸ್‌ನ ಆಚೆಯ ತಳ ಮಾತ್ರ ಮೇಲೆದ್ದಿದ್ದರೆ ಅದು ಪೂರ್ಣಾಂಕ ಮಾಡುವಾಗಿನ ನಷ್ಟ. 16 ಬಿಟ್ ಗುಣಾಂಕಗಳಲ್ಲಿ ಈ ನಷ್ಟ ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸು, ಗಮನಕ್ಕೇ ಬಾರದು. ಜಾಗ ಉಳಿಸಲೆಂದು 32768ರ ಬದಲು 128ರಿಂದ ಗುಣಿಸಿ 8 ಬಿಟ್‌ಗೆ ಇಳಿಸಿದರೆ ನಡುವಿನ ಗುಣಾಂಕ ಬರೀ 20 ಆಗುತ್ತದೆ, ತುದಿಗಳ ಹಲವು ಗುಣಾಂಕಗಳು ಸೊನ್ನೆಯಾಗುತ್ತವೆ. ಆಗ ತಳ ನೂರರಲ್ಲಿ ಒಂದೆರಡು ಭಾಗದಷ್ಟು ಏಳುತ್ತದೆ. ಇನ್ನೊಂದು ಎಚ್ಚರ: ಒಂದು ವೋಲ್ಟ್ ಎತ್ತರದ ಅಲೆ 12 ಬಿಟ್ ಎಡಿಸಿಯಲ್ಲಿ ಸುಮಾರು 1240 ಅಂಕಿ. ಅದರ 0.003 ಪಾಲು ಎಂದರೆ ನಾಲ್ಕು ಅಂಕಿಗೂ ಕಡಿಮೆ. ಎಡಿಸಿಯ ಸ್ವಂತ ಗದ್ದಲವೂ ಅಷ್ಟರಲ್ಲೇ ಇರುವುದರಿಂದ, ತಳದಲ್ಲಿ ಲೆಕ್ಕದ ಗೆರೆಯ ಏರಿಳಿತವೆಲ್ಲ ಅಳತೆಯಲ್ಲಿ ಕಾಣಲಿ ಎಂದು ನಿರೀಕ್ಷಿಸಬಾರದು.

ಮೋಟಾರಿನ ಮೇಲೆ

ಎರಡೂ ಪರೀಕ್ಷೆ ದಾಟಿದ ಫಿಲ್ಟರನ್ನು ಅಕ್ಸೆಲರೋಮೀಟರಿಗೆ ಜೋಡಿಸಿದಾಗ ಮೂರನೆಯ ಗುರುತು ಕಾಣಿಸಬಹುದು. ಜನರೇಟರಿನಲ್ಲಿ 48 ಹರ್ಟ್ಸ್‌ಗೆ 1 ಎಂದಿದ್ದ ಉತ್ತರ ಇಲ್ಲಿ ಕಡಿಮೆಯಾಗುತ್ತದೆ. ಎಡಿಎಕ್ಸ್‌ಎಲ್335 ಒಳಗೇ 32 ಕಿಲೋಓಮ್ ರೆಸಿಸ್ಟರ್ ಇದೆ. ಅನೇಕ ಬೋರ್ಡುಗಳು ಅದಕ್ಕೆ 0.1 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಸೇರಿಸಿಯೇ ಬರುತ್ತವೆ. ಇವೆರಡೂ ಕೂಡಿ 50 ಹರ್ಟ್ಸ್‌ನ ಆರ್‌ಸಿ ಫಿಲ್ಟರ್ ಆಗುವುದರಿಂದ 24 ಹರ್ಟ್ಸ್‌ನ ನಡುಕ 0.90ಕ್ಕೂ 48ರದು 0.72ಕ್ಕೂ ಇಳಿದೇ ಚಿಪ್ ತಲುಪುತ್ತದೆ. ಲೆಕ್ಕದಲ್ಲಿ ಅದನ್ನು ಸೇರಿಸದಿದ್ದರೆ ಶಾಫ್ಟಿನ ನೇರದ ದೋಷ ಇದ್ದುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಹಾಗೆಂದು ಕೆಪ್ಯಾಸಿಟರನ್ನು ಕಿತ್ತುಹಾಕುವಂತಿಲ್ಲ. ಸೆಕೆಂಡಿಗೆ 1000 ಸಲ ಅಳೆಯುವಾಗ 976 ಹರ್ಟ್ಸ್‌ನ ಬೇರಿಂಗ್ ಕಂಪನ ಸರಿಯಾಗಿ 24 ಹರ್ಟ್ಸ್‌ನ ವೇಷದಲ್ಲಿ ಒಳಬರುತ್ತದೆ. ಒಮ್ಮೆ ಸಂಖ್ಯೆಯಾದ ಮೇಲೆ ಎಷ್ಟೇ ಗುಣಾಂಕದ ಎಫ್‌ಐಆರ್ ಕೂಡ ಅಸಲಿ ಯಾವುದು, ನಕಲಿ ಯಾವುದು ಎಂದು ಬೇರ್ಪಡಿಸಲಾರದು. ಪತ್ತೆಹಚ್ಚುವ ದಾರಿ ಇದೆ: ಅಳತೆಯ ವೇಗವನ್ನು 1010ಕ್ಕೆ ಏರಿಸಿ. ಅಸಲಿ 24 ಅಲ್ಲೇ ನಿಲ್ಲುತ್ತದೆ, ವೇಷಧಾರಿ 34ಕ್ಕೆ ಜಾರುತ್ತದೆ. ಚಿಕ್ಕ ಕೆಪ್ಯಾಸಿಟರ್ ಹಾಕಿಕೊಂಡು ಸೆಕೆಂಡಿಗೆ 4000 ಸಲ ಅಳೆಯುವುದು ಇನ್ನೊಂದು ಪರಿಹಾರ. ಆದರೆ ಅದೇ 40 ಹರ್ಟ್ಸ್ ಇಳಿಜಾರಿಗೆ 330 ಗುಣಾಂಕ ಬೇಕಾಗಿ ಚಿಪ್‌ನ ಕೆಲಸ ಹದಿನಾರು ಪಟ್ಟಾಗುತ್ತದೆ.

ಗದ್ದಲದ ವಿಷಯದಲ್ಲೂ ನಿರೀಕ್ಷೆಯನ್ನು ಲೆಕ್ಕಕ್ಕೆ ಹೊಂದಿಸಿಕೊಳ್ಳಬೇಕು. 100 ಹರ್ಟ್ಸ್‌ನ ಗುಂಯ್‌ಗುಡುವಿಕೆ ಮುನ್ನೂರರಲ್ಲಿ ಒಂದು ಭಾಗಕ್ಕೆ ಇಳಿದರೂ, ಎಲ್ಲ ಆವರ್ತನಗಳಲ್ಲೂ ಸಮನಾಗಿ ಹರಡಿದ ಗದ್ದಲ ಮಾತ್ರ ಸುಮಾರು 0.4 ಪಾಲಷ್ಟು ಉಳಿಯುತ್ತದೆ. ಫಿಲ್ಟರ್ ಬಾಗಿಲು ತೆರೆದಿಟ್ಟ 80 ಹರ್ಟ್ಸ್‌ನೊಳಗಿನ ಗದ್ದಲಕ್ಕೂ ದಾರಿ ಇದ್ದೇ ಇದೆಯಲ್ಲ. ಸೋಸಿದ ಗೆರೆ ಸ್ವಲ್ಪ ಒರಟಾಗಿದೆ ಎಂದ ಮಾತ್ರಕ್ಕೆ ಫಿಲ್ಟರ್ ಕೆಟ್ಟಿದೆ ಎಂದಲ್ಲ.

ಕಣ್ಣಿಗೆ ಮೋಸ ಮಾಡುವ ವ್ಯತ್ಯಾಸ ಮಾತ್ರ ಸಮಯದ್ದು. 83 ಗುಣಾಂಕಗಳ ನಡುಬಿಂದು 41 ಅಳತೆಗಳ ಹಿಂದಿರುವುದರಿಂದ ಹೊರಬರುವ ಅಲೆ 41 ಮಿಲಿಸೆಕೆಂಡ್ ತಡ. ಎಲ್ಲ ಆವರ್ತನಗಳಿಗೂ ಅಷ್ಟೇ ತಡವಾದ್ದರಿಂದ 24 ಮತ್ತು 48 ಸೇರಿದ ಅಲೆಯ ಆಕಾರ ಕೆಡುವುದಿಲ್ಲ. ಎಫ್‌ಐಆರ್ ಆರಿಸಿಕೊಳ್ಳಲು ಇದೂ ಒಂದು ಕಾರಣ. ಆದರೆ ನಮ್ಮ ಮೋಟಾರಿನ ಒಂದು ಸುತ್ತಿಗೆ ಹಿಡಿಯುವುದು 41.7 ಮಿಲಿಸೆಕೆಂಡ್. ಸೋಸುವ ಮುಂಚಿನ ಅಲೆಯನ್ನೂ ಸೋಸಿದ ಅಲೆಯನ್ನೂ ಒಂದೇ ಪರದೆಯಲ್ಲಿ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತು, ತಡವೇ ಇಲ್ಲವೆಂಬಂತೆ ಕಾಣುತ್ತದೆ. ಅಸಲಿಗೆ ಒಂದು ಇಡೀ ಸುತ್ತು ಹಿಂದಿದ್ದು, ಉಳಿದಿರುವ ಅಂತರ ಸುಮಾರು 6 ಡಿಗ್ರಿ. ಹೊರೆ ಹೆಚ್ಚಾಗಿ ವೇಗ ಸೆಕೆಂಡಿಗೆ 23 ಸುತ್ತಿಗೆ ಇಳಿದರೆ ಆ ಅಂತರ 20 ಡಿಗ್ರಿಯಾಗುತ್ತದೆ. ನಡುಕದ ಎತ್ತರವಷ್ಟೇ ಬೇಕಿದ್ದವರಿಗೆ ಇದರಿಂದ ತೊಂದರೆಯಿಲ್ಲ. ಪುಲ್ಲಿಯ ಯಾವ ಬದಿ ಭಾರ ಎಂದು ಗುರುತು ಹಾಕಿ, ಎದುರು ಬದಿಗೆ ತೂಕ ಕಟ್ಟಲು ಹೊರಟವರು ಮಾತ್ರ 41 ಮಿಲಿಸೆಕೆಂಡನ್ನು ಮೊದಲು ಕಳೆಯಬೇಕು. ಇಲ್ಲದಿದ್ದರೆ ತೂಕ ತಪ್ಪು ಜಾಗಕ್ಕೆ ಬೀಳುತ್ತದೆ, ಮೋಟಾರಿನ ವೇಗ ಬದಲಾದಂತೆ ಆ ತಪ್ಪೂ ಬದಲಾಗುತ್ತದೆ.